ಜೇನು ಬೇಡ, ಬೂದಿಯೂ ಬೇಡ: ಧನುರ್ವಾಯು ಮತ್ತು ಬಾಟುಲಿಸಂ ನರಕ್ಕೆ ಮಾಡುವುದೇನು?

ಹೊಳೆನರಸೀಪುರದ ನನ್ನ ಕ್ಲಿನಿಕ್ಕಿಗೆ ಕಳೆದ ರಂಝಾನಿಗೆ ಸ್ವಲ್ಪ ಮೊದಲು ಒಬ್ಬ ಅಜ್ಜಿ ಬಂದಿದ್ದರು. ಮಗಳಿಗೆ ಹೆರಿಗೆಯಾಗಿ ಎರಡು ದಿನವಾಗಿತ್ತು. ಕೈಯಲ್ಲಿ ಒಂದು ಸಣ್ಣ ಜೇನಿನ ಬಾಟಲಿ, ಸೆರಗಿನ ಗಂಟಿನಲ್ಲಿ ಬಟ್ಟೆ ಸುಟ್ಟ ಬೂದಿ. "ಡಾಕ್ಟರ್ ಸಾಬ್, ಜೇನನ್ನು ಮಗುವಿನ ನಾಲಿಗೆಗೆ ಹಚ್ಚೋಣ ಅಂತಿದ್ದೇವೆ, ಬೂದಿಯನ್ನು ಹೊಕ್ಕುಳಿಗೆ. ಒಳ್ಳೆಯದು ತಾನೇ?" ಎಂದು ಕೇಳಿದರು.

"ಎರಡೂ ಬೇಡ ಖಾಲಾ" ಎಂದೆ.

ಅವರಿಗೆ ಬೇಸರವಾಯಿತು. "ನೀವು ಯುನಾನಿಯವರು. ನೀವೇ ಜೇನು ಬೇಡ ಅಂದರೆ ಹೇಗೆ?" ಎಂದರು. ಆ ದಿನ ಕ್ಲಿನಿಕ್ ತುಂಬಿತ್ತು, ಚುಟುಕಾಗಿ ಹೇಳಿ ಕಳಿಸಿದೆ. ಪೂರ್ತಿ ಉತ್ತರ ಇಲ್ಲಿದೆ. ಬೂದಿಯಿಂದ ಬರಬಹುದಾದ ರೋಗ ಮಗುವನ್ನು ಬಿಲ್ಲಿನಂತೆ ಸೆಟೆಸುತ್ತದೆ. ಜೇನಿನಿಂದ ಬರಬಹುದಾದ ರೋಗ ಮಗುವನ್ನು ಬಟ್ಟೆಯ ಗೊಂಬೆಯಂತೆ ಸಡಿಲ ಮಾಡುತ್ತದೆ. ನೋಡಲು ಒಂದಕ್ಕೊಂದು ತದ್ವಿರುದ್ಧ. ಆದರೆ ನರದೊಳಗೆ ಈ ಎರಡು ವಿಷಗಳು ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ.

ಮಣ್ಣಿನಲ್ಲಿ ಮಲಗಿರುವ ಅಣ್ಣತಮ್ಮಂದಿರು

ಮೊದಲನೆಯದು ಧನುರ್ವಾಯು. ಇದನ್ನು ತರುವ ರೋಗಾಣುವಿನ ಹೆಸರು ಕ್ಲಾಸ್ಟ್ರಿಡಿಯಂ ಟೆಟನಿ. ಎರಡನೆಯದು ಬಾಟುಲಿಸಂ. ಅದರ ರೋಗಾಣು ಕ್ಲಾಸ್ಟ್ರಿಡಿಯಂ ಬಾಟುಲಿನಮ್. ಇವು ಒಂದೇ ಕುಟುಂಬದವು, ಎರಡರ ಮನೆಯೂ ಮಣ್ಣು. ಗಾಳಿ ತಾಗುವ ಕಡೆ ಇವು ಬೆಳೆಯುವುದಿಲ್ಲ. ಗಟ್ಟಿ ಚಿಪ್ಪಿನ ಬೀಜದಂತಹ ಕಣವಾಗಿ, ಅಂದರೆ ಸ್ಪೋರ್ ಆಗಿ, ವರ್ಷಗಟ್ಟಲೆ ಮಲಗಿರುತ್ತವೆ. ಗಾಳಿಯಿಲ್ಲದ ಜಾಗ ಸಿಕ್ಕಿದಾಗ ಎಚ್ಚೆತ್ತು ಬೆಳೆದು ವಿಷ ಬಿಡುತ್ತವೆ.

ಧನುರ್ವಾಯುವಿನ ರೋಗಾಣುವಿಗೆ ಆ ಜಾಗ ಎಂದರೆ ಆಳವಾದ ಗಾಯ, ಅಥವಾ ಕತ್ತರಿಸಿದ ಹೊಕ್ಕುಳಬಳ್ಳಿಯ ಸತ್ತ ತುದಿ. ಬಾಟುಲಿಸಂನ ರೋಗಾಣುವಿಗೆ ಗಾಳಿಯಾಡದಂತೆ ಮುಚ್ಚಿಟ್ಟ ಆಹಾರ, ಅಥವಾ ಎಳೆ ಮಗುವಿನ ಕರುಳು. ಎರಡು ರೋಗಗಳಲ್ಲೂ ಕೆಡಕು ಮಾಡುವುದು ರೋಗಾಣುವಲ್ಲ, ಅದು ಬಿಡುವ ವಿಷ. ಕಣ್ಣಿಗೆ ಕಾಣದಷ್ಟು ವಿಷ ಒಬ್ಬ ದೊಡ್ಡ ಮನುಷ್ಯನನ್ನು ಕೊಲ್ಲಬಲ್ಲದು.

ಚನ್ನರಾಯಪಟ್ಟಣದ ತೆಂಗಿನ ತೋಟದವರೊಬ್ಬರು ನನ್ನನ್ನು ಕೇಳಿದ್ದುಂಟು: "ಮೊಳೆ ತುಕ್ಕು ಹಿಡಿದಿರಲಿಲ್ಲ, ಹೊಸದು. ಆದರೂ ಸೂಜಿ ಬೇಕೇ?" ಬೇಕು. ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಮೊಳೆಯ ಜೊತೆ ಒಳಗೆ ಹೋಗುವ ಮಣ್ಣಿನಿಂದ. ದನಕರುಗಳ ಸಗಣಿಯಲ್ಲಿಯೂ ಈ ಸ್ಪೋರ್‌ಗಳು ಇರುತ್ತವೆ. ಕೊಟ್ಟಿಗೆ ಗೊಬ್ಬರ ಹಾಕಿದ ಹೊಲದಲ್ಲಿ ಹೊಸ ಮೊಳೆಯೂ ಒಂದೇ, ಹಳೆಯ ಮೊಳೆಯೂ ಒಂದೇ. ತೆಂಗಿನ ಗರಿಯ ಚೂಪು ಕಡ್ಡಿ ಚುಚ್ಚಿದರೂ ಅಷ್ಟೇ.

ನರ ಸ್ನಾಯುವಿಗೆ ಮಾತು ಮುಟ್ಟಿಸುವುದು ಹೇಗೆ

ನೀವು ಲೋಟ ಎತ್ತಬೇಕೆಂದುಕೊಂಡಾಗ ಬೆನ್ನುಹುರಿಯಿಂದ ಹೊರಟ ನರ ತೋಳಿನ ಸ್ನಾಯುವಿನವರೆಗೆ ಸುದ್ದಿ ಒಯ್ಯುತ್ತದೆ. ನರದ ತುದಿ ಸ್ನಾಯುವನ್ನು ಮುಟ್ಟುವುದಿಲ್ಲ, ನಡುವೆ ಒಂದು ಕಿರಿದಾದ ಸಂದು ಇರುತ್ತದೆ. ನರದ ತುದಿಯೊಳಗೆ ಸಾವಿರಾರು ಪುಟ್ಟ ಚೀಲಗಳಿವೆ. ಪ್ರತಿ ಚೀಲದಲ್ಲಿ ಅಸಿಟೈಲ್‌ಕೋಲಿನ್ ಎಂಬ ರಸಾಯನ ತುಂಬಿರುತ್ತದೆ. ಸುದ್ದಿ ಬಂದ ಕೂಡಲೇ ಚೀಲ ನರದ ಗೋಡೆಗೆ ಅಂಟಿ ಒಡೆದು, ರಸಾಯನ ಸಂದಿಗೆ ಚೆಲ್ಲುತ್ತದೆ. ಅದು ತಾಗಿದಾಗ ಸ್ನಾಯು ಬಿಗಿಯಾಗುತ್ತದೆ.

ಚೀಲ ಗೋಡೆಗೆ ಅಂಟಲು ಕೊಕ್ಕೆ ಬೇಕು. ಚೀಲದ ಮೇಲೆ ಒಂದು ಪ್ರೋಟೀನ್ ಎಳೆ, ಗೋಡೆಯ ಕಡೆ ಎರಡು ಎಳೆ. ಮೂರೂ ಸೇರಿ ಜಡೆ ಹೆಣೆದಂತೆ ಹೆಣೆದುಕೊಂಡು ಚೀಲವನ್ನು ಗೋಡೆಗೆ ಎಳೆದು ಒತ್ತುತ್ತವೆ. ಚೀಲದ ಮೇಲಿನ ಎಳೆಯ ಹೆಸರು ಸೈನಾಪ್ಟೊಬ್ರೆವಿನ್. ಈ ಒಂದು ಹೆಸರು ನೆನಪಿಟ್ಟುಕೊಂಡರೆ ಸಾಕು.

ಈ ಎರಡು ವಿಷಗಳೂ ಕತ್ತರಿಗಳು. 1992ರಲ್ಲಿ ಇಟಲಿಯ ಪಾದುವಾ ನಗರದ ಸಂಶೋಧಕರಾದ ಜಾಂಪಿಯೆತ್ರೊ ಸ್ಕಿಯಾವೊ, ಚೆಸಾರೆ ಮೊಂತೆಕುಕ್ಕೊ ಮತ್ತು ಸಂಗಡಿಗರು ಒಂದು ಸಂಗತಿ ತೋರಿಸಿಕೊಟ್ಟರು. ಧನುರ್ವಾಯುವಿನ ವಿಷವೂ ಬಾಟುಲಿಸಂನ 'ಬಿ' ಬಗೆಯ ವಿಷವೂ ಸೈನಾಪ್ಟೊಬ್ರೆವಿನ್ ಎಳೆಯನ್ನೇ, ಅದೂ ಒಂದೇ ಜಾಗದಲ್ಲಿ, ತುಂಡರಿಸುತ್ತವೆ. ಬಾಟುಲಿಸಂನ ಇತರ ಬಗೆಗಳಲ್ಲಿ ಕೆಲವು ಇದೇ ಎಳೆಯನ್ನು, ಕೆಲವು ಗೋಡೆಯ ಕಡೆಯ ಎಳೆಗಳನ್ನು ಕತ್ತರಿಸುತ್ತವೆ. ಯಾವ ಎಳೆ ತುಂಡಾದರೂ ಪರಿಣಾಮ ಒಂದೇ: ಜಡೆ ಹೆಣೆಯುವುದಿಲ್ಲ, ಚೀಲ ಒಡೆಯುವುದಿಲ್ಲ, ನರ ಮೂಕವಾಗುತ್ತದೆ.

ಕತ್ತರಿ ಒಂದೇ, ಕತ್ತರಿಸುವ ಜಾಗವೂ ಒಂದೇ ಎಂದ ಮೇಲೆ ಒಬ್ಬನ ಮೈ ಕಲ್ಲಾಗಿ, ಇನ್ನೊಬ್ಬನ ಮೈ ಸಡಿಲಾಗುವುದೇಕೆ?

ಒಂದು ಬಾಗಿಲಲ್ಲೇ ನಿಲ್ಲುತ್ತದೆ, ಇನ್ನೊಂದು ಒಳಮನೆಗೆ ಹೋಗುತ್ತದೆ

ಉತ್ತರ ಕತ್ತರಿಯಲ್ಲಿಲ್ಲ, ಅದು ಹೋಗುವ ದಾರಿಯಲ್ಲಿದೆ.

ಬಾಟುಲಿಸಂನ ವಿಷ ಕರುಳಿನಿಂದ ರಕ್ತಕ್ಕೆ ಸೇರಿ ನರದ ತುದಿಗೆ ಬರುತ್ತದೆ. ಅಲ್ಲಿ ಖಾಲಿಯಾಗಿ ಮರಳುತ್ತಿರುವ ಪುಟ್ಟ ಚೀಲದೊಳಗೇ ಸೇರಿಕೊಳ್ಳುತ್ತದೆ. ಆ ಚೀಲದ ಒಳಗೆ ಹುಳಿ ಇರುತ್ತದೆ. ಹುಳಿ ತಾಗಿದಾಗ ವಿಷ ಬಿಚ್ಚಿಕೊಂಡು ಕತ್ತರಿಯ ಭಾಗ ಹೊರಗೆ ಬಂದು ಅಲ್ಲೇ ಕೆಲಸ ಶುರುಮಾಡುತ್ತದೆ. ಅಸಿಟೈಲ್‌ಕೋಲಿನ್ ಹೊರಗೆ ಬರುವುದು ನಿಲ್ಲುತ್ತದೆ. ಸ್ನಾಯುವಿಗೆ ಆಜ್ಞೆಯೇ ತಲುಪದು, ಅದು ಜೋತುಬೀಳುತ್ತದೆ.

ಧನುರ್ವಾಯುವಿನ ವಿಷವೂ ಮೊದಲು ಸೇರುವುದು ಅದೇ ನರದ ತುದಿಗೆ. ಆದರೆ ಅದು ಹತ್ತುವ ಗಾಡಿ ಬೇರೆ. ಅದು ಹುಳಿಯಿಲ್ಲದ ಮತ್ತೊಂದು ಬಗೆಯ ಚೀಲವನ್ನು ಹಿಡಿದು, ಬಿಚ್ಚಿಕೊಳ್ಳದೆ, ನರದೊಳಗೇ ಹಿಮ್ಮುಖವಾಗಿ ಬೆನ್ನುಹುರಿಯ ಕಡೆ ಸಾಗುತ್ತದೆ. ಬೆನ್ನುಹುರಿ ಮುಟ್ಟಿದ ಮೇಲೆ ತಾನು ಬಂದ ನರವನ್ನು ಬಿಟ್ಟು ಪಕ್ಕದ ಇನ್ನೊಂದು ನರಕ್ಕೆ ದಾಟುತ್ತದೆ. ಕತ್ತರಿ ಹೊರಗೆ ಬರುವುದು ಅಲ್ಲಿ.

ಆ ಪಕ್ಕದ ನರ ಯಾವುದು? ಎಲ್ಲ ನರಗಳೂ "ಎಳೆ" ಎಂದು ಹೇಳುವುದಿಲ್ಲ. ಕೆಲವು "ಬಿಡು" ಎಂದು ಹೇಳುತ್ತವೆ. ತೋಳು ಮಡಿಸುವಾಗ ಮುಂದಿನ ಸ್ನಾಯು ಬಿಗಿಯಾಗಬೇಕು, ಹಿಂದಿನ ಸ್ನಾಯು ಸಡಿಲವಾಗಬೇಕು. ಹಿಂದಿನದನ್ನು ತಡೆದು ಹಿಡಿಯುವ ನರಗಳು ಬೆನ್ನುಹುರಿಯಲ್ಲಿವೆ. ಅವು ಬಳಸುವ ರಸಾಯನಗಳು ಗ್ಲೈಸಿನ್ ಮತ್ತು ಗಾಬಾ. ಎತ್ತಿನಗಾಡಿಯ ಹಗ್ಗ ಹಿಡಿದವನಂತೆ ಇವು ಎಳೆತವನ್ನು ಹದದಲ್ಲಿ ಇಡುತ್ತವೆ. ಧನುರ್ವಾಯುವಿನ ಕತ್ತರಿ ಮೂಕ ಮಾಡುವುದು ಈ ತಡೆಯುವ ನರಗಳನ್ನು.

ಅಂದರೆ ಎರಡು ರೋಗಗಳಲ್ಲೂ ನರವೊಂದು ಬಾಯಿ ಮುಚ್ಚುತ್ತದೆ. ಬಾಟುಲಿಸಂನಲ್ಲಿ "ಎಳೆ" ಎನ್ನುವ ನರ, ಧನುರ್ವಾಯುವಿನಲ್ಲಿ "ಸಾಕು, ಬಿಡು" ಎನ್ನುವ ನರ. ತಡೆಯುವವರಿಲ್ಲದಾಗ ಮುಂದಿನ ಸ್ನಾಯುವೂ ಹಿಂದಿನ ಸ್ನಾಯುವೂ ಒಟ್ಟಿಗೆ ಎಳೆಯುತ್ತವೆ, ಬಲವಾದದ್ದು ಗೆಲ್ಲುತ್ತದೆ. ಬಾಯಿ ತೆರೆಯುವ ಸ್ನಾಯುವಿಗಿಂತ ಮುಚ್ಚುವ ಸ್ನಾಯು ಬಲ, ಹಾಗಾಗಿ ದವಡೆ ಕಚ್ಚಿಕೊಳ್ಳುತ್ತದೆ. ಹೊಟ್ಟೆಯ ಸ್ನಾಯುವಿಗಿಂತ ಬೆನ್ನಿನದು ಬಲ, ಹಾಗಾಗಿ ಮೈ ಹಿಂದಕ್ಕೆ ಬಾಗುತ್ತದೆ. ಧನುಸ್ಸಿನಂತೆ ಬಾಗುವುದರಿಂದಲೇ ಕನ್ನಡದಲ್ಲಿ ಧನುರ್ವಾಯು ಎಂಬ ಹೆಸರು.

ಗಾಯ ಕಾಲಿಗೆ, ನೋವು ದವಡೆಗೆ

ಕೆಲವು ವರ್ಷಗಳ ಹಿಂದೆ ಅರಕಲಗೂಡು ಕಡೆಯ ಒಬ್ಬ ರೈತರು ನನ್ನಲ್ಲಿಗೆ ಬಂದಿದ್ದರು. ವಯಸ್ಸು ಐವತ್ತು ದಾಟಿತ್ತು. "ಹಲ್ಲಿನ ನೋವು, ಬಾಯಿ ಸರಿಯಾಗಿ ತೆರೆಯೋಕೆ ಆಗ್ತಿಲ್ಲ, ಕತ್ತು ಹಿಡಿದುಕೊಂಡಿದೆ. ಯಾವುದಾದರೂ ರೋಗನ್ ಹಚ್ಚಿ ಮಾಲೀಷ್ ಮಾಡಿಕೊಡಿ" ಎಂದರು. ಜ್ವರ ಇರಲಿಲ್ಲ, ಮಾತು ಸ್ಪಷ್ಟ, ಬುದ್ಧಿ ಸ್ಪಷ್ಟ. ಹಲ್ಲು ನೋಡಲು ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯಲಿಲ್ಲ. ಹೊಟ್ಟೆ ಮುಟ್ಟಿದರೆ ಹಲಗೆಯಂತಿತ್ತು. ಕೇಳುತ್ತಾ ಹೋದಾಗ ಒಂಬತ್ತು ದಿನದ ಹಿಂದೆ ಶುಂಠಿ ಹೊಲದಲ್ಲಿ ಗುದ್ದಲಿ ಪಾದಕ್ಕೆ ತಾಗಿದ್ದು ಹೇಳಿದರು. ಅರಿಶಿನ ಹಾಕಿ ಬಟ್ಟೆ ಕಟ್ಟಿದ್ದರು, ಗಾಯ ಮೇಲ್ಗಡೆ ಒಣಗಿತ್ತು. ಸೂಜಿ ಹಾಕಿಸಿಕೊಂಡ ನೆನಪು ಅವರಿಗಿರಲಿಲ್ಲ.

ಗಾಯ ಪಾದದಲ್ಲಿದ್ದರೆ ದವಡೆ ಏಕೆ ಮೊದಲು ಹಿಡಿಯಬೇಕು? ವಿಷ ರಕ್ತದಲ್ಲಿ ಹರಡಿ ಮೈಯ ಎಲ್ಲ ನರಗಳ ತುದಿಗೂ ತಲುಪುತ್ತದೆ. ಅಲ್ಲಿಂದ ನರದೊಳಗೆ ಅದು ಸಾಗುವುದು ಗಂಟೆಗೆ ಕೆಲವೇ ಮಿಲಿಮೀಟರ್. ಲೆಕ್ಕಕ್ಕೆ ಗಂಟೆಗೆ 5 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಪಾದದಿಂದ ಬೆನ್ನುಹುರಿಗೆ ಸುಮಾರು ಒಂದು ಮೀಟರ್ ದಾರಿ, 200 ಗಂಟೆ, ಅಂದರೆ ಎಂಟು ದಿನದ ಮೇಲೆ. ದವಡೆಯ ನರ ಒಂದು ಗೇಣಿಗಿಂತ ಕಡಿಮೆ, ಒಂದೆರಡು ದಿನದ ದಾರಿ. ನರ ಗಿಡ್ಡವಾಗಿದ್ದಲ್ಲಿ ವಿಷ ಬೇಗ ಮುಟ್ಟುತ್ತದೆ. ಆದ್ದರಿಂದ ದವಡೆ, ಮುಖ, ಕತ್ತು, ಬೆನ್ನು, ಕೊನೆಗೆ ಕೈಕಾಲು ಎಂಬ ಅನುಕ್ರಮದಲ್ಲಿ ಬಿಗಿತ ಮೇಲಿನಿಂದ ಇಳಿಯುತ್ತದೆ. ಗಾಯವಾಗಿ 3ರಿಂದ 21 ದಿನದೊಳಗೆ ಸಾಮಾನ್ಯವಾಗಿ ಇದು ಶುರುವಾಗುತ್ತದೆ.

ನಾನು ಅವರಿಗೆ ಮಾಲೀಷ್ ಮಾಡಲಿಲ್ಲ. ಈ ರೋಗದಲ್ಲಿ ಮುಟ್ಟಿದರೂ, ಬಾಗಿಲು ದಡ್ ಎಂದರೂ, ಬೆಳಕು ಕಣ್ಣಿಗೆ ಬಿದ್ದರೂ ಇಡೀ ಮೈ ಒಮ್ಮೆಲೇ ಸೆಟೆದುಕೊಳ್ಳುತ್ತದೆ, ಏಕೆಂದರೆ ಸಣ್ಣ ಪ್ರಚೋದನೆಯನ್ನೂ ತಡೆಯುವವರು ಇಲ್ಲ. ಉಸಿರಾಟದ ಸ್ನಾಯು ಸೆಟೆದರೆ ಪ್ರಾಣ ಹೋಗುತ್ತದೆ. ಕೂಡಲೇ ಹಾಸನದ ಜಿಲ್ಲಾಸ್ಪತ್ರೆಗೆ ಕಳಿಸಿದೆ. ಅಲ್ಲಿ ಗಾಯವನ್ನು ಬಿಚ್ಚಿ ಸತ್ತ ಭಾಗ ತೆಗೆದು ತೊಳೆದರು, ರೋಗಾಣುವಿಗೆ ಔಷಧಿ ಕೊಟ್ಟರು, ವಿಷವನ್ನು ಹಿಡಿಯುವ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದು ಕೊಟ್ಟರು, ಕತ್ತಲೆಯ ಸದ್ದಿಲ್ಲದ ಕೋಣೆಯಲ್ಲಿಟ್ಟು ಸ್ನಾಯು ಸಡಿಲಿಸುವ ಮದ್ದು ಹಾಕಿದರು. ಇಮ್ಯುನೋಗ್ಲಾಬ್ಯುಲಿನ್ ರಕ್ತದಲ್ಲಿರುವ ವಿಷವನ್ನು ಮಾತ್ರ ಹಿಡಿಯುತ್ತದೆ. ನರದೊಳಗೆ ಸೇರಿದ್ದನ್ನು ಹೊರತೆಗೆಯುವ ಮದ್ದು ಯಾವ ಪದ್ಧತಿಯಲ್ಲೂ ಇಲ್ಲ. ಕತ್ತರಿಸಿದ ಎಳೆಗಳ ಜಾಗದಲ್ಲಿ ನರ ಹೊಸದನ್ನು ಮಾಡಿಕೊಳ್ಳುವ ತನಕ ವಾರಗಟ್ಟಲೆ ಕಾಯಬೇಕು. ಅವರು ಐದು ವಾರದ ಮೇಲೆ ಮನೆಗೆ ಬಂದರು. ಹೋಗುವಾಗ ಅವರಿಗೆ ಲಸಿಕೆಯನ್ನೂ ಹಾಕಿದರು. ಒಮ್ಮೆ ಧನುರ್ವಾಯು ಬಂದುಹೋದರೆ ಮತ್ತೆ ಬರುವುದಿಲ್ಲ ಎಂದೇನಿಲ್ಲ. ರೋಗ ತರುವ ವಿಷದ ಪ್ರಮಾಣ ಎಷ್ಟು ಕಡಿಮೆಯೆಂದರೆ, ದೇಹ ಅದನ್ನು ಗುರುತು ಹಿಡಿದು ರಕ್ಷಣೆ ಕಟ್ಟಿಕೊಳ್ಳಲೂ ಅದು ಸಾಲದು.

ಸೇವು ತಿಂದ ಮಕ್ಕಳು

ಬಾಟುಲಿಸಂ ನಮ್ಮ ಜಿಲ್ಲೆಯಲ್ಲಿ ನಾನು ಕಂಡಿಲ್ಲ. ದೇಶದಲ್ಲೇ ಅದು ವಿರಳ. 1996ರ ಸೆಪ್ಟೆಂಬರಿನಲ್ಲಿ ಗುಜರಾತಿನ ಒಂದು ವಸತಿ ಶಾಲೆಯಲ್ಲಿ ಕಡಲೆಹಿಟ್ಟಿನ ಸೇವು ತಿಂದ ಮೇಲೆ 34 ವಿದ್ಯಾರ್ಥಿಗಳು ಕಾಯಿಲೆ ಬಿದ್ದರು. ಮೂವರು ತೀರಿಕೊಂಡರು. ಅಲ್ಲಿ ಶಂಕಿಸಿದ್ದು ಬಾಟುಲಿಸಂನ 'ಇ' ಬಗೆಯ ವಿಷವನ್ನು. ಅದನ್ನು ಬಿಟ್ಟದ್ದು ಇದೇ ಕುಟುಂಬದ ಇನ್ನೊಂದು ರೋಗಾಣು, ಕ್ಲಾಸ್ಟ್ರಿಡಿಯಂ ಬ್ಯುಟಿರಿಕಂ.

ಈ ರೋಗವೂ ಮೇಲಿನಿಂದ ಇಳಿಯುತ್ತದೆ, ಆದರೆ ಸಡಿಲವಾಗಿ. ತಿಂದ 12ರಿಂದ 36 ಗಂಟೆಯೊಳಗೆ ಸಾಮಾನ್ಯವಾಗಿ ರೆಪ್ಪೆ ಜೋತುಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಬಾಯಿ ಒಣಗುತ್ತದೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ. ಆಮೇಲೆ ಕತ್ತು, ತೋಳು, ಎದೆ. ಇಲ್ಲೂ ಜ್ವರವಿಲ್ಲ, ಬುದ್ಧಿ ಸ್ಪಷ್ಟ. ಒಂದೇ ಊಟ ಮಾಡಿದ ಇಬ್ಬರಿಗೆ ಹೀಗಾದರೆ ವಾಂತಿಭೇದಿಯ ಮದ್ದು ತಿನ್ನುತ್ತಾ ಕೂರಬಾರದು. ಉಸಿರು ನಿಲ್ಲುವ ಮೊದಲು ವೆಂಟಿಲೇಟರ್ ಇರುವ ಆಸ್ಪತ್ರೆ ಸೇರಬೇಕು.

ಬಾಟುಲಿಸಂನ ವಿಷವನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿದರೆ ನಾಶವಾಗುತ್ತದೆ. ಸ್ಪೋರ್ ಮಾತ್ರ ಕುದಿಯುವ ನೀರಿಗೆ ಜಗ್ಗುವುದಿಲ್ಲ. ನಮ್ಮ ಹುಳಿ ಉಪ್ಪಿನಕಾಯಿಯಲ್ಲಿ ಹುಳಿಯೇ ಅದನ್ನು ತಡೆಯುತ್ತದೆ. ಹುಳಿಯಿಲ್ಲದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ವಾರಗಟ್ಟಲೆ ಹೊರಗಿಡುವುದು ಮತ್ತು ಉಬ್ಬಿದ ಡಬ್ಬಿಯ ಆಹಾರ ತಿನ್ನುವುದು ಅಪಾಯ.

ಹಕೀಮರ ಎರಡು ಮಾತು

ಯುನಾನಿ ಗ್ರಂಥಗಳಲ್ಲಿ ನರಸ್ನಾಯುಗಳ ಬಿಗಿತಕ್ಕೆ ತಶನ್ನುಜ್ ಎಂದೂ ಸಡಿಲಿಕೆಗೆ ಇಸ್ತಿರ್ಖಾ ಎಂದೂ ಹೆಸರು. ಧನುರ್ವಾಯುವಿಗೆ ಕುಝಾಝ್ ಎನ್ನುತ್ತಾರೆ. ಇಬ್ನ್ ಸೀನಾ ತಮ್ಮ ಅಲ್-ಕಾನೂನ್‌ನಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಹಳೆಯ ಹಕೀಮರು ಹಾಸಿಗೆಯ ಪಕ್ಕ ಕುಳಿತು ನೋಡಿ ಈ ಎರಡನ್ನೂ ಸರಿಯಾಗಿ ಬೇರ್ಪಡಿಸಿದ್ದರು. ಒಳಗಿನ ಕತ್ತರಿ ಅವರಿಗೆ ಕಾಣುವಂತಿರಲಿಲ್ಲ. ನಾನು ಓದಿದ ಪದ್ಧತಿಯ ಬಗ್ಗೆ ನನಗೆ ಅಭಿಮಾನವಿದೆ. ಆದರೆ ಈ ಎರಡು ರೋಗಗಳಿಗೆ ನನ್ನ ಬಳಿ ಮದ್ದಿಲ್ಲ. ಜೋಶಾಂದಾ ಕುಡಿಸಿ, ರೋಗನ್ ಹಚ್ಚಿ ಒಂದು ದಿನ ಕಳೆದರೆ ಆ ದಿನವಿಡೀ ರಕ್ತದಲ್ಲಿನ ವಿಷ ನರದೊಳಗೆ ಸೇರುತ್ತಿರುತ್ತದೆ.

ಅಜ್ಜಿಯ ಪ್ರಶ್ನೆಗೆ ಉತ್ತರ

ಈಗ ಬೂದಿಯ ಮಾತು. ಕತ್ತರಿಸಿದ ಹೊಕ್ಕುಳಬಳ್ಳಿಗೆ ರಕ್ತವಿಲ್ಲ, ಗಾಳಿಯಿಲ್ಲ. ಅದಕ್ಕೆ ಬೂದಿ, ಮಣ್ಣು, ಸಗಣಿ ಹಚ್ಚಿದರೆ ಸ್ಪೋರ್‌ಗೆ ಹಾಸಿಗೆ ಹಾಸಿಕೊಟ್ಟಂತೆ. ಬೂದಿಯಲ್ಲಿ ಬೆಂಕಿಯಿಂದ ಎಲ್ಲ ಸತ್ತಿರುತ್ತದೆ ಎನ್ನಬೇಡಿ, ನೆಲದಿಂದ ಬಾಚಿ, ಚಿಂದಿಯಲ್ಲಿ ಕಟ್ಟಿ ಇಟ್ಟ ಬೂದಿ ಅದು. ಹುಟ್ಟಿ ಎರಡು ದಿನ ಚೆನ್ನಾಗಿ ಹಾಲು ಚೀಪಿದ ಮಗು, 3ನೇ ದಿನದಿಂದ 28ನೇ ದಿನದೊಳಗೆ ಚೀಪುವುದನ್ನು ಬಿಟ್ಟು, ಮುಷ್ಟಿ ಬಿಗಿದು, ಮುಟ್ಟಿದರೆ ಸೆಟೆದರೆ ಅದು ಧನುರ್ವಾಯು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಪ್ರತಿ ಜಿಲ್ಲೆಯಲ್ಲೂ ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆ ಎಂಬುದು ಆ ಮಾತಿನ ಅರ್ಥ. ಮಣ್ಣಿನಿಂದ ಸ್ಪೋರ್ ಹೋಗಿಲ್ಲ. ಮಗುವನ್ನು ಕಾಯುತ್ತಿರುವುದು ಆಸ್ಪತ್ರೆಯ ಶುದ್ಧ ಬ್ಲೇಡು, ಒಣಗಲು ಬಿಟ್ಟ ಹೊಕ್ಕುಳು, ಮತ್ತು ಬಸಿರಿನಲ್ಲಿ ತಾಯಿಗೆ ಹಾಕಿದ ಸೂಜಿ. ತಾಯಿಯ ರಕ್ತದ ರಕ್ಷಣೆ ಮಗುವಿಗೂ ದಾಟುತ್ತದೆ.

ಇನ್ನು ಜೇನು. ಸೂರಃ ಅನ್ನಹ್ಲ್‌ನಲ್ಲಿ ಜೇನಿನಲ್ಲಿ ಶಮನವಿದೆ ಎಂಬ ಮಾತಿದೆ ಎಂದು ಅಜ್ಜಿ ನೆನಪಿಸಿದರು. ಅದು ನನಗೂ ಗೊತ್ತು, ದೊಡ್ಡವರಿಗೆ ನಾನೂ ಜೇನು ಕೊಡುತ್ತೇನೆ. ಆದರೆ ಜೇನಿನಲ್ಲಿ ಬಾಟುಲಿನಮ್ ಸ್ಪೋರ್ ಇರಬಹುದು. ದೊಡ್ಡವರ ಕರುಳಿನಲ್ಲಿ ಒಳ್ಳೆಯ ಅಣುಜೀವಿಗಳು ತುಂಬಿರುವುದರಿಂದ ಅದಕ್ಕೆ ಬೇರು ಬಿಡಲು ಜಾಗವಿಲ್ಲ. ಒಂದು ವರ್ಷದೊಳಗಿನ ಮಗುವಿನ ಕರುಳು ಇನ್ನೂ ಖಾಲಿ ಹೊಲ. ಸ್ಪೋರ್ ಅಲ್ಲೇ ಮೊಳೆತು ವಿಷ ಬಿಡಬಲ್ಲದು. ಇದನ್ನು ಮೊದಲು ಗುರುತಿಸಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಮಗುವಿಗೆ ಮೊದಲು ಮಲಬದ್ಧತೆ, ಆಮೇಲೆ ಕ್ಷೀಣವಾದ ಅಳು, ಚೀಪಲು ಬಲವಿಲ್ಲ, ಎತ್ತಿದರೆ ಕತ್ತು ಜೋತುಬೀಳುತ್ತದೆ. ಜೇನನ್ನು ಬಿಸಿ ಮಾಡಿಕೊಟ್ಟರೂ ಸ್ಪೋರ್ ಸಾಯುವುದಿಲ್ಲ.

"ಹಾಗಾದರೆ ತಹ್ನೀಕ್?" ಎಂದು ಅಜ್ಜಿ ಕೇಳಿದರು. ಪ್ರವಾದಿ(ಸ)ಯವರು ಶಿಶುಗಳಿಗೆ ತಹ್ನೀಕ್ ಮಾಡಿದ್ದು ಖರ್ಜೂರದಿಂದ ಎಂದೇ ಹದೀಸ್‌ಗಳಲ್ಲಿ ಬರುತ್ತದೆ. ಕೈ ಚೆನ್ನಾಗಿ ತೊಳೆದು, ಮೆತ್ತಗೆ ಅರೆದ ಖರ್ಜೂರದ ಲೇಪ ಬೆರಳ ತುದಿಯಲ್ಲಿ ತಾಗಿಸಿದರೆ ಸಾಕು, ತುಂಡು ಬಾಯಿಗೆ ಹೋಗಬಾರದು. ಆಮೇಲೆ ಆರು ತಿಂಗಳು ತಾಯಿಯ ಹಾಲು ಮಾತ್ರ. ಜೇನು ಮಗುವಿಗೆ ಒಂದು ವರ್ಷ ತುಂಬಿದ ಮೇಲೆ.

ಚೀಪುವುದನ್ನು ಬಿಟ್ಟ ಮಗು ಸೆಟೆದಿರಲಿ, ಸಡಿಲವಾಗಿರಲಿ, ಮನೆಯಲ್ಲಿ ಕಾರಣ ಹುಡುಕುತ್ತಾ ಕೂರದೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೊರಡಬೇಕು.

ಬಾಟುಲಿಸಂಗೆ ನಮ್ಮಲ್ಲಿ ಹಾಕಿಸಿಕೊಳ್ಳುವ ಲಸಿಕೆಯಿಲ್ಲ, ಧನುರ್ವಾಯುವಿಗೆ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಮಗುವಿಗೆ 6, 10 ಮತ್ತು 14 ವಾರಕ್ಕೆ ಪೆಂಟಾವೇಲೆಂಟ್, ಒಂದೂವರೆ ವರ್ಷದ ಹೊತ್ತಿಗೆ ಮತ್ತು 5–6 ವರ್ಷಕ್ಕೆ ಡಿಪಿಟಿ, 10 ಮತ್ತು 16 ವರ್ಷಕ್ಕೆ ಟಿಡಿ. ಬಸುರಿಗೆ ಟಿಡಿ ಎರಡು ಸಲ, ನಾಲ್ಕು ವಾರದ ಅಂತರದಲ್ಲಿ. ಹಿಂದೆ ಟಿಟಿ ಎನ್ನುತ್ತಿದ್ದ ಸೂಜಿಯ ಜಾಗದಲ್ಲಿ ಈಗ ಬಂದಿರುವುದು ಈ ಟಿಡಿ. ನಮ್ಮ ಹೆಂಗಸರಿಗೆ ಬಸಿರಿನಲ್ಲಾದರೂ ಇದು ಸಿಕ್ಕಿರುತ್ತದೆ. ಶುಂಠಿ, ಆಲೂಗಡ್ಡೆ, ತೆಂಗಿನ ಕೆಲಸ ಮಾಡುವ ಐವತ್ತು ದಾಟಿದ ಗಂಡಸರಲ್ಲಿ ಎಷ್ಟೋ ಮಂದಿಗೆ ಒಂದೂ ಸಿಕ್ಕಿರುವುದಿಲ್ಲ. ಮಣ್ಣು ತಾಗಿದ ಗಾಯವಾದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಕೊನೆಯ ಸೂಜಿಗೆ ಐದು ವರ್ಷ ದಾಟಿದ್ದರೆ ಮತ್ತೊಂದು ಹಾಕಿಸಿಕೊಳ್ಳಿ. ಎಂದೂ ಹಾಕಿಸಿಕೊಂಡಿಲ್ಲ ಅಥವಾ ನೆನಪಿಲ್ಲ ಎಂದಾದರೆ ಅದನ್ನು ವೈದ್ಯರಿಗೆ ಹೇಳಿ. ಆಗ ಟಿಡಿಯ ಜೊತೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ.

ಆ ಅಜ್ಜಿ ಬೂದಿಯ ಗಂಟನ್ನು ನನ್ನ ಕ್ಲಿನಿಕ್ಕಿನ ಕಸದ ಬುಟ್ಟಿಗೇ ಹಾಕಿ ಹೋದರು. ಜೇನಿನ ಬಾಟಲಿಯನ್ನು ಮಾತ್ರ ವಾಪಸು ಒಯ್ದರು. "ಇದನ್ನು ನಾನೇ ತಿನ್ನುತ್ತೇನೆ" ಎಂದರು. ತಿನ್ನಲಿ, ಅವರ ವಯಸ್ಸಿಗೆ ಅದು ಒಳ್ಳೆಯದೇ.